ಬೀನ್ಸಿಗಿಂತ ಬಳ್ಳಿಗೆ ಗಿರಾಕಿ ಹೆಚ್ಚಿದ್ದ ಕಾಲ

2003ರ ನವೆಂಬರಿನಲ್ಲಿ ನನ್ನ ಭಾವ ಅಡಿಕೆ ತೋಟದ ನಡುವೆ ಮಂಚ ಹಾಕಿಕೊಂಡು ಮಲಗುತ್ತಿದ್ದರು. ಪಕ್ಕದಲ್ಲಿ ಟಾರ್ಚು, ಕತ್ತಿ, ಎರಡು ನಾಯಿ. ಕಾಯುತ್ತಿದ್ದದ್ದು ಅಡಿಕೆಯನ್ನಲ್ಲ, ವೆನಿಲ್ಲಾವನ್ನು. ಬೀನ್ಸ್ ಎಂದು ನಾವು ಕರೆಯುವ ಅದರ ಹಸಿ ಕೋಡಿಗೆ ಕಿಲೋಗೆ 3,000 ರೂಪಾಯಿ ದಾಟಿತ್ತು. ಮೂವತ್ತನಾಲ್ಕು ಕಿಲೋ ತುಂಬಿದ ಒಂದು ಗೋಣಿಚೀಲ ಹೊತ್ತುಕೊಂಡು ಹೋದವನು ಲಕ್ಷಾಧಿಪತಿ. ಕಾರ್ಕಳದ ಕಡೆಯ ಆ ಊರಿನಲ್ಲಿ ಅದುವರೆಗೆ ತೆಂಗಿನಕಾಯಿ ಕದ್ದವನ ಸುದ್ದಿಯೇ ದೊಡ್ಡ ಸುದ್ದಿ.

ಇದೆಲ್ಲ ನೆನಪಾಗಲು ಕಾರಣ ಅಕ್ಕನ ಮಗ. ಕಳೆದ ವಾರ ಮೊಬೈಲಿನಲ್ಲಿ ಯಾವುದೋ ಸಣ್ಣ ಕಂಪನಿಯ ಐಪಿಒ ತೋರಿಸಿ, "ಮಾವ, ಎಲ್ಲರೂ ಹಾಕುತ್ತಿದ್ದಾರೆ, ನಾನೂ ಹಾಕಲೇ?" ಎಂದು ಕೇಳಿದ. ಷೇರಿನ ಬಗ್ಗೆ ನನಗೆ ತಿಳಿದಿರುವುದು ಅಷ್ಟಕ್ಕಷ್ಟೇ. ಆದರೆ ಬೆಲೆಯ ಗುಳ್ಳೆಯೊಂದು ಹುಟ್ಟಿ, ಉಬ್ಬಿ, ಒಡೆದದ್ದನ್ನು ನಮ್ಮ ಮನೆಯ ಜಗಲಿಯಲ್ಲೇ ಕುಳಿತು ನೋಡಿದ್ದೇನೆ. ಅವನಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ವಿಸ್ತರಿಸಿ ಬರೆಯುತ್ತಿದ್ದೇನೆ.

ಮೊದಲಿಗೆ, ಬೆಲೆ ಏರಿದ್ದು ಸುಳ್ಳಿನಿಂದಲ್ಲ. ಜಗತ್ತಿನ ವೆನಿಲ್ಲಾದ ದೊಡ್ಡ ಪಾಲು ಬರುವುದು ಮಡಗಾಸ್ಕರ್ ದ್ವೀಪದ ಈಶಾನ್ಯ ಕರಾವಳಿಯಿಂದ. 2000ದ ಏಪ್ರಿಲಿನಲ್ಲಿ ಹುಡಾ ಎಂಬ ಚಂಡಮಾರುತ ಅಲ್ಲಿನ ತೋಟಗಳನ್ನು ಮಲಗಿಸಿತು. 2002ರಲ್ಲಿ ಅಧ್ಯಕ್ಷ ಚುನಾವಣೆಯ ಜಗಳದಿಂದ ರಸ್ತೆಗಳು ಬಂದ್ ಆಗಿ ಉಳಿದ ಸರಕೂ ಹೊರಬರಲಿಲ್ಲ. ಹದ ಮಾಡಿ ಒಣಗಿಸಿದ ಬೀನ್ಸು ಕಿಲೋಗೆ ಐವತ್ತು ಡಾಲರಿನ ಆಸುಪಾಸಿನಿಂದ ಹೊರಟು 2003ರ ಕೊನೆಗೆ 500 ಡಾಲರ್ ಮುಟ್ಟಿತು. ಒಂದು ಕಿಲೋ ಒಣ ಬೀನ್ಸಿಗೆ ಆರು ಕಿಲೋ ಹಸಿ ಬೇಕು. ಅಂದಿನ ಡಾಲರ್ ದರದಲ್ಲಿ ಭಾಗಿಸಿ ನೋಡಿದರೆ ನಮ್ಮ 3,000 ರೂಪಾಯಿಯ ಲೆಕ್ಕ ಸರಿಯಾಗಿಯೇ ಕೂರುತ್ತಿತ್ತು.

ಹಾಗಾಗಿ ಅದು ಗುಳ್ಳೆಯಲ್ಲ, ಪೂರೈಕೆಯ ಕೊರತೆ ಅಷ್ಟೇ ಎಂದು ಈಗಲೂ ವಾದಿಸುವವರಿದ್ದಾರೆ. ಬೀನ್ಸಿನ ಮಟ್ಟಿಗೆ ಆ ಮಾತನ್ನು ಒಪ್ಪುತ್ತೇನೆ. ಆದರೆ ಗುಳ್ಳೆ ಇದ್ದದ್ದು ಬೀನ್ಸಿನಲ್ಲಿ ಅಲ್ಲ, ಬಳ್ಳಿಯಲ್ಲಿ.

ಭಾವ 1998ರ ಹೊತ್ತಿಗೇ ನೂರು ಬಳ್ಳಿ ನೆಟ್ಟಿದ್ದರು, ಹೆಚ್ಚುಕಡಿಮೆ ಹವ್ಯಾಸಕ್ಕೆ. ಬೆಲೆ ಏರಿದಾಗ ಅವರ ಮನೆಗೆ ಬಂದ ಮೊದಲ ಜೀಪು ಬೀನ್ಸ್ ಕೊಳ್ಳುವವರದ್ದಾಗಿರಲಿಲ್ಲ, ನೆಡಲು ಬಳ್ಳಿಯ ತುಂಡು ಕೇಳುವವರದ್ದಾಗಿತ್ತು. ಮೀಟರ್ ಉದ್ದದ ತುಂಡಿಗೆ ಮೊದಲು ಹತ್ತು ರೂಪಾಯಿ, ಆಮೇಲೆ ನಲವತ್ತು, ಕೊನೆಗೆ ಎಂಬತ್ತು. ಬೀನ್ಸ್ ಬೇಕೆಂದರೆ ಮುಂಜಾನೆ ಎದ್ದು, ಆ ದಿನ ಅರಳಿ ಮಧ್ಯಾಹ್ನದೊಳಗೆ ಬಾಡುವ ಹೂವನ್ನು ಹಿಡಿಸೂಡಿ ಕಡ್ಡಿಯಲ್ಲಿ ಒಂದೊಂದಾಗಿ ಪರಾಗಸ್ಪರ್ಶ ಮಾಡಬೇಕು, ಆಮೇಲೆ ಒಂಬತ್ತು ತಿಂಗಳು ಕಾಯಬೇಕು. ತುಂಡು ಮಾರಲು ಕತ್ತಿ ಸಾಕು. ಬಳ್ಳಿ ಕಡಿದರೆ ಮುಂದಿನ ಹೂವು ಹೋಗುತ್ತದೆ, ನಿಜ. ಆದರೆ ಮೂರು ಮೀಟರ್ ಬಳ್ಳಿ ಇವತ್ತೇ 240 ರೂಪಾಯಿ ಕೊಡುವಾಗ ಹೂವಿಗೆ ಕಾಯುವವರು ಯಾರು?

ಈ ಹಂತದ ಲೆಕ್ಕವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ನೂರು ಬಳ್ಳಿಯಿಂದ ಐದೈದು ಮೀಟರ್ ಕಡಿದರೆ 500 ತುಂಡು. ಅವು ಬೆಳೆದು ಎರಡು ವರ್ಷದಲ್ಲಿ ಮತ್ತೆ ಐದೈದು ಕೊಟ್ಟರೆ 2,500, ಮುಂದಿನ ಸುತ್ತಿಗೆ 12,500. ಪ್ರತಿ ಸುತ್ತಿನಲ್ಲೂ ಹಿಂದಿನ ಸುತ್ತಿನ ಐದು ಪಟ್ಟು ತುಂಡುಗಳನ್ನು ಕೊಳ್ಳುವ ಹೊಸ ಜನ ಬೇಕು. ಬೀನ್ಸಿಗೆ ಬೆಲೆ ಬಂದದ್ದು ಐಸ್‌ಕ್ರೀಮ್ ತಿನ್ನುವವನಿಂದ, ತುಂಡಿಗೆ ಬೆಲೆ ಬಂದದ್ದು ನಾಳೆ ನೆಡಲಿರುವವನಿಂದ. ನಾಳೆ ನೆಡುವವನು ಬಾರದೆ ಹೋದ ದಿನ ಅದು ದನಕ್ಕೆ ಹಾಕಲಿಕ್ಕೂ ಆಗದ ಹಸಿರು ಹಗ್ಗ.

ಪತ್ರಿಕೆಗಳ ಪಾತ್ರವೂ ಇದೆ, ಆದರೆ ಜನ ಸಾಮಾನ್ಯವಾಗಿ ದೂರುವ ರೀತಿಯಲ್ಲಿ ಅಲ್ಲ. ಅವು ಸುಳ್ಳು ಬರೆಯಲಿಲ್ಲ. ವೆನಿಲ್ಲಾ ಮಾರಿ ಜೀಪು ಕೊಂಡವರು, ಮನೆಗೆ ತಾರಸಿ ಹಾಕಿಸಿದವರು ನಿಜಕ್ಕೂ ಇದ್ದರು. ಅವರ ಚಿತ್ರವೂ ಬಂತು, ಹೇಳಿದ ಅಂಕಿಯೂ ಸರಿಯೇ. ಎಡವಟ್ಟು ಇದ್ದದ್ದು ಕಾಲದಲ್ಲಿ. 1998ರಲ್ಲಿ ನೆಟ್ಟವನ ಫಸಲನ್ನು 2003ರಲ್ಲಿ ಓದಿ, ಆ ವರ್ಷವೇ ನೆಟ್ಟವನಿಗೆ ಬೀನ್ಸ್ ಸಿಗುವುದು 2006ಕ್ಕೆ. ಚಿತ್ರದ ಕೆಳಗೆ ಆ ಒಂದು ಸಾಲು ಇರುತ್ತಿರಲಿಲ್ಲ. ಇದ್ದಿದ್ದರೂ ನಾವು ಓದುತ್ತಿದ್ದೆವೆಂದು ನನಗೆ ನಂಬಿಕೆಯಿಲ್ಲ.

ಯಾಕೆಂದರೆ ಅಪ್ಪ ಓದಲಿಲ್ಲ. ಮೂವತ್ತು ವರ್ಷ ಯಾರ ಮಾತಿಗೂ ಬಗ್ಗದೆ ಅಡಿಕೆ ಮಾಡಿದ ಮನುಷ್ಯ. ಭಾವನ ಮನೆಯ ಹೊಸ ಜೀಪು ಅಂಗಳಕ್ಕೆ ಬಂದ ಮರುವಾರ, 2002ರ ಮಳೆಗಾಲದಲ್ಲಿ, ಮುನ್ನೂರು ತುಂಡು ತಂದರು. ಒಂದಕ್ಕೆ ಎಂಬತ್ತರಂತೆ 24,000 ರೂಪಾಯಿ. ಹಾಲಿವಾಣದ ಆಸರೆ, ಗೊಬ್ಬರ, ಕೂಲಿ ಬೇರೆ. ನಾನಾಗ ಮಂಗಳೂರಿನ ಒಂದು ಲೆಕ್ಕಪರಿಶೋಧಕರ ಕಚೇರಿಯಲ್ಲಿ ಕೆಲಸಕ್ಕಿದ್ದೆ. ಮರುವರ್ಷ ಬೆಲೆ ನೆತ್ತಿಗೇರಿದಾಗ ಅಪ್ಪ ಕ್ಯಾಲೆಂಡರಿನ ಹಿಂದೆ ಬರೆದ ಲೆಕ್ಕವನ್ನು ನನಗೇ ತೋರಿಸಿದರು: ಬಳ್ಳಿಗೊಂದು ಕಿಲೋ, ಮುನ್ನೂರು ಕಿಲೋ, ಮೂರು ಸಾವಿರ, ಒಂಬತ್ತು ಲಕ್ಷ. ಗುಣಾಕಾರ ಸರಿಯಾಗಿತ್ತು. ನಾನು ತಲೆಯಾಡಿಸಿದೆ.

ನಾನು ಮಾಡಬೇಕಿದ್ದ ಲೆಕ್ಕ ಬೇರೆ ಇತ್ತು. ಇಡೀ ಜಗತ್ತು ಆಗ ವರ್ಷಕ್ಕೆ ಬಳಸುತ್ತಿದ್ದ ಒಣ ವೆನಿಲ್ಲಾ ಸುಮಾರು 2,000 ಟನ್. ಹಸಿಯಲ್ಲಿ ಹೇಳುವುದಾದರೆ 12,000 ಟನ್, ಅಂದರೆ 1.2 ಕೋಟಿ ಕಿಲೋ. ಅಪ್ಪನ ಹಾಗೆ ಮುನ್ನೂರು ಬಳ್ಳಿ ನೆಟ್ಟು ಮುನ್ನೂರು ಕಿಲೋ ತೆಗೆಯುವ 40,000 ಕುಟುಂಬಗಳಿದ್ದರೆ ಭೂಮಂಡಲದ ಬೇಡಿಕೆ ಮುಗಿಯಿತು. ದಕ್ಷಿಣ ಕನ್ನಡ, ಉಡುಪಿ ಎರಡು ಜಿಲ್ಲೆಗಳಲ್ಲೇ ಕೃಷಿ ಕುಟುಂಬಗಳು ಅದಕ್ಕಿಂತ ಎಷ್ಟೋ ಹೆಚ್ಚು. ಕೊಡಗು, ಶಿರಸಿ, ಕೇರಳ ಆಮೇಲೆ. ಉಗಾಂಡಾ, ಇಂಡೊನೇಷ್ಯಾ, ಪಪುವಾ ನ್ಯೂಗಿನಿಯ ರೈತರೂ ಅದೇ ಬೆಲೆಯನ್ನು ಕೇಳಿ ಅದೇ ವರ್ಷಗಳಲ್ಲಿ ನೆಡುತ್ತಿದ್ದರು. ಮಡಗಾಸ್ಕರಿನವರೂ ಮಲಗಿದ ತೋಟವನ್ನು ಹಾಗೆಯೇ ಬಿಟ್ಟಿರಲಿಲ್ಲ. ಎಲ್ಲರ ಬಳ್ಳಿಗೂ ಮೂರೇ ವರ್ಷ, ಎಲ್ಲರ ಫಸಲೂ ಒಟ್ಟಿಗೆ. ಇದನ್ನು ತಿಳಿಯಲು ಪಂಡಿತನಾಗಬೇಕಿರಲಿಲ್ಲ, ಒಂದು ಭಾಗಾಕಾರ ಸಾಕಿತ್ತು. ಸಂಬಳಕ್ಕಾಗಿ ದಿನವಿಡೀ ಭಾಗಾಕಾರ ಮಾಡುತ್ತಿದ್ದ ನಾನು ಮನೆಯಲ್ಲಿ ಅದನ್ನು ಮಾಡಲಿಲ್ಲ. ಮಾಡಿ ಹೇಳಿದ್ದರೆ ಅಪ್ಪ ಭಾವನ ಜೀಪನ್ನು ತೋರಿಸುತ್ತಿದ್ದರು, ಅದು ಬೇರೆ ಮಾತು.

ಅತ್ತ ಕೊಳ್ಳುವವರು ಸುಮ್ಮನೆ ಕುಳಿತಿರಲಿಲ್ಲ. ಒಣ ಬೀನ್ಸಿನಲ್ಲಿ ವೆನಿಲಿನ್ ಎಂಬ ಪರಿಮಳದ ಅಂಶ ಇರುವುದು ನೂರಕ್ಕೆ ಎರಡರಷ್ಟು. ಅದೇ ವೆನಿಲಿನ್ ಅನ್ನು ಕಾರ್ಖಾನೆಯಲ್ಲಿ ಬಹಳ ಅಗ್ಗವಾಗಿ ತಯಾರಿಸುವುದು ಹತ್ತೊಂಬತ್ತನೆಯ ಶತಮಾನದಿಂದಲೇ ಗೊತ್ತು. ಬೆಲೆ 500 ಡಾಲರ್ ಆದಾಗ ಐಸ್‌ಕ್ರೀಮ್, ಬಿಸ್ಕತ್ತಿನವರು ಪಾಕ ಬದಲಿಸಿದರು. ಹೀಗೆ ಬದಲಿಸಿದವರು ಬೆಲೆ ಇಳಿದ ಕೂಡಲೇ ವಾಪಸು ಬರುವುದಿಲ್ಲ, ಏಕೆಂದರೆ ತಿನ್ನುವವನ ನಾಲಿಗೆ ಆಗಲೇ ಹೊಸ ರುಚಿಗೆ ಹೊಂದಿಕೊಂಡಿರುತ್ತದೆ. ಅಂದರೆ ಆ ಬೆಲೆಯೇ ತನ್ನ ಗಿರಾಕಿಯನ್ನು ಓಡಿಸಿ ತನ್ನ ಪೈಪೋಟಿಯನ್ನು ಕರೆಯುತ್ತಿತ್ತು. ಇವೆರಡೂ ಊರಿನಲ್ಲಿ ಕುಳಿತವನ ಕಣ್ಣಿಗೆ ಬೀಳುವಂಥವಲ್ಲ. ಕಣ್ಣಿಗೆ ಬೀಳುತ್ತಿದ್ದದ್ದು ಜೀಪು ಮಾತ್ರ.

2004ರಲ್ಲಿ ಬೆಲೆ ಇಳಿಯತೊಡಗಿತು. ಇನ್ನು ಹೇಳುವುದು ಭಾವನ ಡಬ್ಬಿಯ ಕಥೆ. ಹಸಿ ಬೀನ್ಸು ವಾರ ದಾಟಿದರೆ ಹಾಳು. ಅದನ್ನು ಬಿಸಿನೀರಿನಲ್ಲಿ ಮೂರು ನಿಮಿಷ ಅದ್ದಿ, ಕಂಬಳಿಯಲ್ಲಿ ಸುತ್ತಿ ಬೆವರಿಸಿ, ತಿಂಗಳುಗಟ್ಟಲೆ ಒಣಗಿಸಿದರೆ ವರ್ಷಗಳ ಕಾಲ ಇಡಬಹುದು. ಇಡಬಹುದು ಎಂಬುದೇ ಅವರಿಗೆ ಮುಳುವಾಯಿತು. ಹಿಂದಿನ ಫಸಲಿನ ಒಂದು ಭಾಗವನ್ನು ಒಣಗಿಸಿ, ಮೇಣದ ಕಾಗದ ಸುತ್ತಿ ತಗಡಿನ ಡಬ್ಬಿಯಲ್ಲಿಟ್ಟಿದ್ದರು, ಹನ್ನೊಂದು ಕಿಲೋ. ವರ್ಷದ ಆರಂಭದಲ್ಲಿ ವ್ಯಾಪಾರಿ ಕಿಲೋಗೆ ಹದಿನೆಂಟು ಸಾವಿರ ಎಂದ. ಇಪ್ಪತ್ತಾಗಲಿ ಎಂದರು ಭಾವ. ಮಳೆಗಾಲಕ್ಕೆ ಎಂಟು ಸಾವಿರ ಎಂದ. "ಹದಿನೆಂಟಕ್ಕೆ ಕೊಡದವನು ಎಂಟಕ್ಕೆ ಕೊಡುತ್ತೇನೆಯೇ?" ಎಂದರು. ತಾವು ನೆಟ್ಟದ್ದು ಹತ್ತು ರೂಪಾಯಿಯ ತುಂಡು ಎಂಬುದನ್ನು ಮರೆತು, ಕೈಗೆ ಬಾರದ ಹದಿನೆಂಟು ಸಾವಿರವನ್ನು ಅಸಲು ಎಂದುಕೊಂಡಿದ್ದರು. ಲಾಭವನ್ನು ನಷ್ಟ ಎಂದು ಓದುವ ಈ ಕಣ್ಣುಬೇನೆ ಮೇಲಿನಿಂದ ಇಳಿಯುವಾಗ ಎಲ್ಲರಿಗೂ ಬರುತ್ತದೆ.

ಗಾಬರಿ ಬಂದದ್ದು ಮುಂದಿನ ಫಸಲಿಗೆ. ಇನ್ನೂ ಇಳಿಯುತ್ತದಂತೆ ಎಂಬ ಮಾತು ಹಬ್ಬಿದ್ದೇ, ನೆರೆಯವರು ಬಲಿಯುವ ಮೊದಲೇ ಬೀನ್ಸ್ ಕೊಯ್ದರು. ಕಳ್ಳರ ಭಯ ಮೊದಲೇ ಇತ್ತು. ಒಬ್ಬ ಕೊಯ್ದರೆ ಪಕ್ಕದವನಿಗೆ ಕಾಯುವ ಧೈರ್ಯವಿಲ್ಲ. ಎಳೆ ಬೀನ್ಸಿನಲ್ಲಿ ಪರಿಮಳ ಕಟ್ಟಿರುವುದಿಲ್ಲ, ಒಣಗಿಸಿದರೆ ಬೂಷ್ಟು ಹಿಡಿಯುತ್ತದೆ. ಹಾಗಾಗಿ ಬೆಲೆ ಬೀಳುತ್ತದೆಂದು ಅವಸರದಲ್ಲಿ ಮಾರಿದ ಸರಕು ಕಳಪೆಯಾಗಿ, ಆ ಕಳಪೆಯ ನೆಪದಲ್ಲಿ ಬೆಲೆ ಇನ್ನಷ್ಟು ಬಿತ್ತು. ಅಟ್ಟಗಳ ಮೇಲಿದ್ದ ಡಬ್ಬಿಗಳೆಲ್ಲ ಅದೇ ತಿಂಗಳುಗಳಲ್ಲಿ ಇಳಿದವು. ಭಾವನ ಡಬ್ಬಿಯೂ ಇಳಿಯಿತು, ಕಿಲೋಗೆ ಸಾವಿರದ ಐನೂರರ ಹಾಗೆ. ಅದೂ ನಗದಲ್ಲ. ವ್ಯಾಪಾರಿ ಒಂದು ಚೀಟಿ ಬರೆದುಕೊಟ್ಟು ಹೋದ.

ಬಳ್ಳಿ ತುಂಡಿನ ಬೆಲೆ ಹೀಗೆ ಮೆಟ್ಟಿಲಿಳಿಯಲಿಲ್ಲ. ಒಂದು ಮಳೆಗಾಲದಲ್ಲಿ ಎಂಬತ್ತು ಇದ್ದದ್ದು, ಮುಂದಿನದರಲ್ಲಿ ಕೇಳುವವರೇ ಇಲ್ಲ. ಜೀಪು ಬರುವುದು ನಿಂತಿತು, ಅಷ್ಟೇ. ನನಗೆ ಅಂದೇ ತಿಳಿಯಬೇಕಿದ್ದ ಗುರುತು ಅದು: ಬೆಳೆ ಮಾರುವವನಿಗಿಂತ ಬೀಜ ಮಾರುವವನು ಹೆಚ್ಚು ಗಳಿಸುತ್ತಿದ್ದ. ಅಕ್ಕನ ಮಗನನ್ನು ನಾನು ಕೇಳಿದ್ದೂ ಇದನ್ನೇ, ಆ ಕಂಪನಿ ಏನು ತಯಾರಿಸುತ್ತದೆ, ಯಾರಿಗೆ ಮಾರುತ್ತದೆ ಎಂದು. "ಗೊತ್ತಿಲ್ಲ ಮಾವ, ಲಿಸ್ಟಿಂಗ್ ದಿನವೇ ಮಾರುವುದಲ್ಲವೇ?" ಎಂದ.

ಅಪ್ಪನ ಬಳ್ಳಿಗಳು ಹೂ ಬಿಟ್ಟದ್ದು 2005ರ ಫೆಬ್ರವರಿಯಲ್ಲಿ. ಅಮ್ಮ ಮತ್ತು ಒಬ್ಬ ಆಳು ಎರಡು ತಿಂಗಳು ಬೆಳಗ್ಗೆ ಕಡ್ಡಿ ಹಿಡಿದು ನಿಂತರು. ಕೊಳೆರೋಗಕ್ಕೆ ಹೋದದ್ದು ಹೋಗಿ ವರ್ಷದ ಕೊನೆಗೆ ತೊಂಬತ್ತು ಕಿಲೋ ಸಿಕ್ಕಿತು. ಹಸಿ ಬೀನ್ಸಿನ ಬೆಲೆ ಆಗ ನೂರರ ಕೆಳಗೆ. ಅಪ್ಪನಿಗೆ ಅರುವತ್ತರಂತೆ 5,400 ರೂಪಾಯಿ ಬಂತು. ಪರಾಗಸ್ಪರ್ಶದ ಕೂಲಿಗೂ ಸಾಲಲಿಲ್ಲ. ಮರುವರ್ಷ ಯಾರೂ ಕಡ್ಡಿ ಹಿಡಿಯಲಿಲ್ಲ. ಕ್ಯಾಲೆಂಡರಿನ ಲೆಕ್ಕದ ಬಗ್ಗೆ ಅಪ್ಪ ಮುಂದೆಂದೂ ಮಾತೆತ್ತಲಿಲ್ಲ, ನಾವೂ ಎತ್ತಲಿಲ್ಲ.

2017ರ ಮಾರ್ಚಿನಲ್ಲಿ ಎನಾವೊ ಎಂಬ ಇನ್ನೊಂದು ಚಂಡಮಾರುತ ಮಡಗಾಸ್ಕರಿಗೆ ಬಡಿಯಿತು. ಒಣ ವೆನಿಲ್ಲಾ 600 ಡಾಲರ್ ಆಯಿತು. ಆ ಮಳೆಗಾಲದಲ್ಲಿ ಅಪರಿಚಿತರೊಬ್ಬರು ಬೈಕಿನಲ್ಲಿ ಮನೆಗೆ ಬಂದು, ಹಲಸಿನ ಮರಕ್ಕೆ ತಾನಾಗಿ ಹಬ್ಬಿದ್ದ ಹಳೆಯ ಬಳ್ಳಿಯನ್ನು ನೋಡಿ, ಮೀಟರಿಗೆ ಎಷ್ಟು ಎಂದು ಅಮ್ಮನನ್ನು ಕೇಳಿದರಂತೆ. ಅಮ್ಮ ಚಾ ಕೊಟ್ಟು, ಬೇಕಾದಷ್ಟು ಕಡಿದುಕೊಂಡು ಹೋಗಿ, ದುಡ್ಡು ಬೇಡ ಎಂದರು. ಪುಕ್ಕಟೆ ಕೊಡುವುದನ್ನು ಕಂಡು ಬಳ್ಳಿಗೆ ರೋಗವಿರಬೇಕೆಂದು ಅನುಮಾನವಾಯಿತೋ ಏನೋ, ಆ ಮನುಷ್ಯ ಚಾ ಕುಡಿದು ಹಾಗೆಯೇ ಹೋದರು.