ಹೋದ ದುಡ್ಡಿಗೆ ಜಿಎಸ್‌ಟಿ

ಐಪಿಎಲ್ ಸಮಯದಲ್ಲಿ ನಮ್ಮ ಭಾವ ಒಂದು ಬೆಟ್ಟಿಂಗ್ ಸೈಟಿಗೆ 84,000 ರೂಪಾಯಿ ಹಾಕಿದರು. ಸೋತರು ಅನ್ನುವಂತಿಲ್ಲ, ಪಾಪ. ಅವರು ಗೆದ್ದಿದ್ದರು! ಸ್ಕ್ರೀನ್ ಮೇಲೆ ಎರಡು ಲಕ್ಷ ಚಿಲ್ಲರೆ ಹಸಿರಾಗಿ ಹೊಳೆಯುತ್ತಿತ್ತು. ತೆಗೆಯೋಣ ಅಂತ ಹೋದ ದಿನ ಸೈಟೇ ಮಾಯ.

ಮೂರು ವಾರ ಬಿಟ್ಟು ಒಂದು ವಾಟ್ಸಾಪ್ ಕರೆ ಬಂತು. ಡಿಪಿಯಲ್ಲಿ ಮೂರು ಸಿಂಹ. 'ರಿಕವರಿ ಆಫೀಸರ್' ಅಂತೆ. "ಸರ್, ನಿಮ್ಮ 84,000 ಸಿಕ್ಕಿದೆ, ನಮ್ಮ ಹತ್ತಿರ ಭದ್ರವಾಗಿದೆ."

ಭಾವ ಕರಗಿಹೋದರು. "ನೋಡಯ್ಯಾ, ನಿಮ್ಮ ಅಕ್ಕನಿಗೂ ಹೇಳದ ಮೊತ್ತ ಅದು. ಪೈಸೆ ಲೆಕ್ಕ ಸಮೇತ ಹೇಳಿದ. ಸರ್ಕಾರದವರಲ್ಲದೆ ಇನ್ಯಾರಿಗೆ ಗೊತ್ತಿರುತ್ತೆ?"

ಸರ್ಕಾರಕ್ಕೆ ಹೇಗೆ ಗೊತ್ತಿರುತ್ತೆ, ಭಾವ? ನೀವು ದೂರನ್ನೇ ಕೊಟ್ಟಿಲ್ಲ. ಆ ಮೊತ್ತ ಗೊತ್ತಿದ್ದದ್ದು ಇಬ್ಬರಿಗೆ. ಒಂದು ನಿಮಗೆ, ಇನ್ನೊಂದು ದುಡ್ಡು ಹೊಡೆದವರಿಗೆ. ಮೋಸ ಹೋದವರ ಹೆಸರು, ನಂಬರು, ಮೊತ್ತ ಇರುವ ಪಟ್ಟಿಗೆ ಈ ದಂಧೆಯಲ್ಲಿ ಒಳ್ಳೆ ಬೆಲೆ ಇದೆ. ಒಮ್ಮೆ ಕೊಟ್ಟವನು ಮತ್ತೆ ಕೊಡುತ್ತಾನೆ ಅನ್ನುವುದು ಅವರ ಅನುಭವ. ಎಷ್ಟೋ ಸಲ ಪಟ್ಟಿ ಮಾರುವ ಕಷ್ಟವೂ ಇರುವುದಿಲ್ಲ, ಅದೇ ಗ್ಯಾಂಗು ಸಿಮ್ ಬದಲಾಯಿಸಿ ಫೋನ್ ಮಾಡುತ್ತದೆ.

ಆಮೇಲೆ ಶುರುವಾಯಿತು ವಸೂಲಿ. ಫೈಲ್ ಓಪನ್ ಮಾಡಲು 2,499. ಭಾವ ಕಳಿಸಿದರು. ರಿಸರ್ವ್ ಬ್ಯಾಂಕ್ ಲೆಟರ್‌ಹೆಡ್ಡಿನ ಒಂದು ಪಿಡಿಎಫ್ ಬಂತು. ಸೀಲು ಎರಡು, ಸಹಿ ಮೂರು, ಕಾಗುಣಿತ ತಪ್ಪು ಹದಿನಾಲ್ಕು. 'ನಿಮ್ಮ ಹಣ ಬಿಡುಗಡೆಗೆ ಸಿದ್ಧವಿದೆ. 18% ಜಿಎಸ್‌ಟಿ 15,120 ರೂಪಾಯಿ ಕಟ್ಟಿ.' ಹೋದ ದುಡ್ಡು ವಾಪಸ್ ಬಂದರೂ ತೆರಿಗೆ! ನನ್ನ ಕಳೆದ ಚಪ್ಪಲಿ ಸಿಕ್ಕಿದರೆ ಅದಕ್ಕೂ ಕಟ್ಟಬೇಕೇನೋ.

ಅಲ್ಲಿಗೆ ಭಾವನ ವ್ಯಾಪಾರಿ ಬುದ್ಧಿ ಸ್ವಲ್ಪ ಎಚ್ಚರವಾಯಿತು. "84,000 ನಿಮ್ಮ ಹತ್ತಿರವೇ ಇದೆಯಲ್ಲಾ, ಅದರಲ್ಲೇ ಮುರಿದುಕೊಂಡು ಉಳಿದದ್ದು ಕಳಿಸಿ" ಅಂದರಂತೆ. "ಹಾಗೆ ಮಾಡಲು ಕಾನೂನಿನಲ್ಲಿ ಅವಕಾಶ ಇಲ್ಲ ಸರ್" ಅಂದನಂತೆ ಆ ಕಡೆಯವನು. ಕಾನೂನು ಅಂದ ಕೂಡಲೇ ಭಾವ ತೆಪ್ಪಗಾದರು. ಕ್ಯೂಆರ್ ಸ್ಕ್ಯಾನ್ ಮಾಡಿದಾಗ ಬಂದ ಹೆಸರು ಯಾವುದೋ ಊರಿನ ಚಪ್ಪಲಿ ಅಂಗಡಿಯದ್ದು. ರಿಸರ್ವ್ ಬ್ಯಾಂಕು ಸೈಡಿನಲ್ಲಿ ಚಪ್ಪಲಿ ಮಾರುತ್ತಿರಬಹುದು, ನಮಗೇನು ಗೊತ್ತು! ಅಸಲಿಗೆ ಅದು ಬಾಡಿಗೆ ಖಾತೆ. ಯಾರೋ ಕಮಿಷನ್ ಆಸೆಗೆ ಬಿಟ್ಟುಕೊಟ್ಟದ್ದು.

ಕೊನೆಗೆ 'ರೀಫಂಡಬಲ್ ಡಿಪಾಸಿಟ್' 8,400. ಒಟ್ಟು 26,019 ಹೋಯಿತು. ಜೊತೆಗೆ ಫೋನಿನ ಸ್ಕ್ರೀನ್ ಅವರಿಗೂ ಕಾಣುವ ಆಪ್ ಒಂದನ್ನು ಹಾಕಿಕೊಳ್ಳಿ ಅಂದಾಗ ಫೋನಿನಲ್ಲಿ ಜಾಗ ಇರಲಿಲ್ಲ. ಮೊಮ್ಮಗನ ವಿಡಿಯೋಗಳು ಭಾವನ ಪಿಂಚಣಿ ಉಳಿಸಿದವು.

ನಿಜವಾಗಿ ದುಡ್ಡು ವಾಪಸ್ ಬರುವ ದಾರಿ ಬಹಳ ಬೋರು. ಅಲ್ಲಿ ಆಫೀಸರ್ ಫೋನ್ ಮಾಡುವುದಿಲ್ಲ, ನಾವೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಮಾಡಬೇಕು, ಇಲ್ಲವೇ cybercrime.gov.in ನಲ್ಲಿ ದೂರು ಹಾಕಬೇಕು. ಶುಲ್ಕ ಸೊನ್ನೆ. ದುಡ್ಡು ಯಾವ ಖಾತೆಗೆ ಹೋಗಿದೆಯೋ ಆ ಬ್ಯಾಂಕಿಗೆ ಸುದ್ದಿ ಮುಟ್ಟುತ್ತದೆ, ಅಲ್ಲಿ ಉಳಿದಿರುವಷ್ಟನ್ನು ತಡೆಹಿಡಿಯುತ್ತಾರೆ. ಉಳಿದಿರುವಷ್ಟು ಮಾತ್ರ! ಅದಕ್ಕೇ ಮೊದಲ ಒಂದೆರಡು ಗಂಟೆಗೆ ಅಷ್ಟು ಬೆಲೆ. ಅಷ್ಟರೊಳಗೆ ಹತ್ತು ಖಾತೆ ದಾಟಿ ಕ್ರಿಪ್ಟೋ ಆಗಿಬಿಟ್ಟರೆ ಸಿಗುವುದು ತೀರಾ ಕಷ್ಟ. ತಡೆಹಿಡಿದ ಹಣ ಬಿಡಿಸಿಕೊಳ್ಳಲು, ಮೊತ್ತ ದೊಡ್ಡದಾದರೆ, ಸಾಮಾನ್ಯವಾಗಿ ಕೋರ್ಟ್ ಆದೇಶ ಬೇಕು. ಈ ಸರಪಳಿಯಲ್ಲಿ ವಾಟ್ಸಾಪ್ ಏಜೆಂಟನಿಗೆ ನಿಲ್ಲಲು ಕೂಡ ಜಾಗ ಇಲ್ಲ. ಬ್ಯಾಂಕು ಅವನ ಮಾತಿಗೆ ಒಂದು ರೂಪಾಯಿಯನ್ನೂ ಬಿಡುವುದಿಲ್ಲ.

"ಸ್ಟೇಷನ್ನಿಗೆ ಹೋದರೆ ಬೆಟ್ಟಿಂಗ್ ಆಡಿದ್ದಕ್ಕೆ ನನ್ನನ್ನೇ ಒಳಗೆ ಹಾಕ್ತಾರೆ" ಅನ್ನುವುದು ಭಾವನ ಹೆದರಿಕೆ. ಏಜೆಂಟನ ಬಂಡವಾಳವೇ ಈ ಹೆದರಿಕೆ. 2025ರ ಆನ್‌ಲೈನ್ ಗೇಮಿಂಗ್ ಕಾಯ್ದೆ ಶಿಕ್ಷೆ ಇಟ್ಟಿರುವುದು ಅಂಥ ಆಟ ನಡೆಸುವವರಿಗೆ, ಜಾಹೀರಾತು ಕೊಡುವವರಿಗೆ, ದುಡ್ಡು ಸಾಗಿಸುವವರಿಗೆ. ಆಡಿದವನಿಗಲ್ಲ. ಆದರೆ ಇದನ್ನು ಓದಿ ಹೇಳುವ ಹೊತ್ತಿಗೆ ಭಾವ ಎರಡನೇ ಸಲ ಮುಳುಗಿಯಾಗಿತ್ತು. ಅಂತೂ ಅಕ್ಕನೇ ಮುಂದೆ ನಿಂತು ದೂರು ಹಾಕಿಸಿದಳು.

ಮೊನ್ನೆ ಭಾನುವಾರ ಊಟಕ್ಕೆ ಕೂತಿದ್ದೆವು. ಭಾವನ ಫೋನ್ ಬಡಿದುಕೊಂಡಿತು. ಸ್ಪೀಕರ್ ಆನ್ ಆಯಿತು.

"ಸರ್, ನಕಲಿ ರಿಕವರಿ ಏಜೆಂಟರಿಂದ 26,019 ಕಳಕೊಂಡಿದ್ದೀರಲ್ವಾ? ಆ ಕೇಸುಗಳಿಗೇ ನಮ್ಮ ವಿಭಾಗ ಇರೋದು."

ಅಕ್ಕ ಸಾರಿನ ಸೌಟು ಹಿಡಿದು ನಿಂತೇ ಇದ್ದಳು. ಭಾವ ಅವಳ ಮುಖ ನೋಡಿದರು, ಫೋನ್ ನೋಡಿದರು, ಆಮೇಲೆ ಮೆಲ್ಲಗೆ ಕೇಳಿದರು: "ಇದಕ್ಕೆ ಜಿಎಸ್‌ಟಿ ಎಷ್ಟಾಗುತ್ತೆ?"