ಬಾಕಿ ಕೊಡದ ವ್ಯಾಪಾರಿ ಮೇಲೆ 420 ನಿಲ್ಲುತ್ತಾ?

"ಸರಕು ತಗೊಂಡು ದುಡ್ಡು ಕೊಡದಿದ್ರೆ ಅದು ಚೀಟಿಂಗ್. 420 ಜೊತೆ ನಂಬಿಕೆ ದ್ರೋಹದ ಕೇಸೂ ಹಾಕಿ."

ಹೀಗೆ ಸಲಹೆ ಕೊಡುವವರಿದ್ದಾರೆ. ಆದರೆ ಸಾಮಾನ್ಯವಾಗಿ ಎರಡೂ ನಿಲ್ಲುವುದಿಲ್ಲ. ಹಳೆಯ 420 ಈಗ ಭಾರತೀಯ ನ್ಯಾಯ ಸಂಹಿತೆಯ 318(4). ವಂಚನೆ ಅನ್ನಬೇಕಾದರೆ ಮೋಸದ ಉದ್ದೇಶ ವ್ಯವಹಾರದ ಶುರುವಿನಲ್ಲೇ ಇರಬೇಕು.

ಒಬ್ಬರು 5 ಲಕ್ಷದ ಬಟ್ಟೆಯನ್ನು ಸಾಲಕ್ಕೆ ಕೊಂಡರು ಅನ್ನಿ. 2 ಕಂತು ಕಟ್ಟಿ, ವ್ಯಾಪಾರ ಬಿದ್ದು, ಉಳಿದದ್ದು ನಿಲ್ಲಿಸಿದರು. ಇದು ಸಿವಿಲ್ ಬಾಕಿ. ಅದೇ ವ್ಯಕ್ತಿ ಮೊದಲ ಆರ್ಡರ್‌ಗೇ ಬೇರೆಯವರ ಜಿಎಸ್‌ಟಿ ನಂಬರ್ ತೋರಿಸಿ, ಇಲ್ಲದ ಅಂಗಡಿಯ ವಿಳಾಸ ಕೊಟ್ಟಿದ್ದರೆ? ಆಗ ವಂಚನೆಯ ಮಾತು ಬರುತ್ತದೆ.

ನಂಬಿಕೆ ದ್ರೋಹ (ಕಲಂ 316) ಬೇರೆಯೇ. ಅಲ್ಲಿ ವಸ್ತು ನಿಮ್ಮದಾಗಿಯೇ ಉಳಿದು, ಅವರ ಕೈಗೆ ಒಪ್ಪಿಸಿದ್ದಾಗಿರಬೇಕು. ಮಾರಿದ ಮೇಲೆ ಬಟ್ಟೆ ಕೊಂಡವರದ್ದೇ ಅಲ್ವಾ? ಆದರೆ "ಕಮಿಷನ್‌ಗೆ ಮಾರಿ, ಹಣ ಕೊಡಿ, ಉಳಿದದ್ದು ವಾಪಸ್" ಎಂದು ಕೊಟ್ಟ ಸರಕನ್ನು ಮಾರಿ ಹಣ ನುಂಗಿದರೆ ಈ ಕಲಂ ಅನ್ವಯಿಸಬಹುದು. ಒಂದೇ ಸಂಗತಿಗೆ ಎರಡೂ ಒಟ್ಟಿಗೆ ಹೊಂದುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2024ರಲ್ಲಿ, ದೆಹಲಿ ರೇಸ್ ಕ್ಲಬ್ ಪ್ರಕರಣದಲ್ಲಿ ಹೇಳಿದೆ.

ಬಾಕಿ ವಸೂಲಿ ದಾವೆಗೆ ಸಾಮಾನ್ಯವಾಗಿ 3 ವರ್ಷದ ಗಡುವು. ಸುಮ್ನೆ ಠಾಣೆಗೆ ಅಲೆಯುತ್ತಿದ್ದರೆ ಅದು ನಿಮಗಾಗಿ ಕಾಯುವುದಿಲ್ಲ.