“10.2, 3ನೇದು ಸರ್”

ಹತ್ತನೇ ತರಗತಿಗೆ ಗಣಿತ ಹೇಳುವ ನಮ್ಮಂಥವರ ಫೋನಿಗೆ ರಾತ್ರಿ ಊಟದ ಹೊತ್ತಿಗೆ ಬರುವ ಸಂದೇಶಗಳಿಗೆ ಒಂದು ನಿರ್ದಿಷ್ಟ ರೂಪವಿದೆ. ಲೆಕ್ಕವಿರುವುದಿಲ್ಲ, ಚಿತ್ರವಿರುವುದಿಲ್ಲ, ಯಾವ ಹಾಳೆಯೆಂಬ ಸೂಚನೆಯೂ ಇರುವುದಿಲ್ಲ. “7ನೇದು ಸರ್” ಎಂದೋ, “ಆನ್ಸರ್” ಎಂದೋ ಇರುತ್ತದೆ, ಅಷ್ಟೆ. ಇದನ್ನು ಮಕ್ಕಳ ಸೋಮಾರಿತನವೆಂದು ಬೈದು ಮುಗಿಸುವ ಸಹೋದ್ಯೋಗಿಗಳು ಇದ್ದಾರೆ. ನಾನೂ ಬಹಳ ಕಾಲ ಹಾಗೆಯೇ ಮಾಡಿದೆ. ಆದರೆ ಇಂಥ ಸಂದೇಶಕ್ಕೆ ಹುಡುಗನಿಗಿಂತ ಹೆಚ್ಚು ಕೆಟ್ಟದಾಗಿ ನಡೆದುಕೊಂಡವನು ನಾನೇ ಎಂದು ಒಂದು ರಾತ್ರಿ ತಿಳಿಯಿತು.

ಅಂದು ಬಂದದ್ದು “10.2, 3ನೇದು ಸರ್” ಎಂಬ ಸಂದೇಶ. ನಮ್ಮ ರಾಜ್ಯದ ಎರಡು ಭಾಗಗಳ ಪಠ್ಯಪುಸ್ತಕದಲ್ಲಿ ಆಗ ಹತ್ತನೆಯ ಅಧ್ಯಾಯ ವರ್ಗ ಸಮೀಕರಣಗಳದ್ದು. ವರ್ಷಗಟ್ಟಲೆ ಅದನ್ನೇ ಪಾಠ ಮಾಡಿದ ನನಗೆ ಅಭ್ಯಾಸ 10.2ರ ಮೂರನೆಯ ಲೆಕ್ಕ ಪುಸ್ತಕ ತೆರೆಯದೆಯೇ ನೆನಪಾಯಿತು: ಮೊತ್ತ 27, ಗುಣಲಬ್ಧ 182 ಆಗುವ ಎರಡು ಸಂಖ್ಯೆಗಳನ್ನು ಕಂಡುಹಿಡಿಯಬೇಕು. ಒಂದು ಸಂಖ್ಯೆ x ಆದರೆ ಇನ್ನೊಂದು 27 − x; ಗುಣಿಸಿದರೆ x² − 27x + 182 = 0; 182ನ್ನು 13 ಮತ್ತು 14 ಎಂದು ಒಡೆದರೆ ಮೊತ್ತವೂ ಸರಿಯಾಗಿ ಕೂಡುತ್ತದೆ. ಅನ್ನ ಕಲಸುತ್ತಿದ್ದ ಕೈಯನ್ನು ಬಿಟ್ಟು ಎಡಗೈಯಲ್ಲಿ “13, 14” ಎಂದು ಒತ್ತಿ ಕಳಿಸಿದೆ. ಅರ್ಧ ನಿಮಿಷದಲ್ಲಿ ಉತ್ತರ ಕೊಟ್ಟ ಹೆಮ್ಮೆಯೂ ಇತ್ತೆನ್ನಿ.

ಸ್ವಲ್ಪ ಹೊತ್ತಿಗೆ ಹುಡುಗ ಬರೆದ: “ಆಪ್ಷನ್‌ನಲ್ಲಿ ಇಲ್ಲ ಸರ್.” ಮೊತ್ತ-ಗುಣಲಬ್ಧದ ಲೆಕ್ಕಕ್ಕೆ ಪುಸ್ತಕದಲ್ಲಿ ಆಯ್ಕೆಗಳೇ ಇಲ್ಲ. ಕರೆ ಮಾಡಿ ಕೇಳಿದಾಗ ತಿಳಿದದ್ದು, ಅವನ ಕೈಯಲ್ಲಿದ್ದದ್ದು ಟ್ಯೂಷನ್‌ನವರು ಜೆರಾಕ್ಸ್ ಮಾಡಿ ಕೊಟ್ಟ ಹಾಳೆ, ಮತ್ತು ಆ ಹಾಳೆಯ ಲೆಕ್ಕಗಳೂ ಸಂಖ್ಯೆಗಳೂ ಬಂದದ್ದು ಎನ್‌ಸಿಇಆರ್‌ಟಿ ಪುಸ್ತಕದಿಂದ. ನಮ್ಮ ರಾಜ್ಯದ ಪುಸ್ತಕದ ಲೆಕ್ಕಗಳು ಎನ್‌ಸಿಇಆರ್‌ಟಿಯವೇ ಆದರೂ ಅಧ್ಯಾಯಗಳ ಕ್ರಮ ಬೇರೆಯಾಗಿತ್ತು. ಅವರದು ವಾಸ್ತವ ಸಂಖ್ಯೆಗಳಿಂದ ಆರಂಭವಾದರೆ ನಮ್ಮದು ಸಮಾಂತರ ಶ್ರೇಢಿಗಳಿಂದ. ಅವರ ನಾಲ್ಕನೆಯ ಅಧ್ಯಾಯ ನಮಗೆ ಹತ್ತನೆಯದು, ಅವರ ಹತ್ತನೆಯ ಅಧ್ಯಾಯವಾದ ವೃತ್ತಗಳು ನಮಗೆ ನಾಲ್ಕನೆಯದು. ಹೀಗಾಗಿ ಅವರ 10.2ರ ಮೂರನೆಯ ಪ್ರಶ್ನೆ ಹೀಗಿದೆ: O ಕೇಂದ್ರವುಳ್ಳ ವೃತ್ತಕ್ಕೆ P ಬಿಂದುವಿನಿಂದ ಎಳೆದ PA, PB ಸ್ಪರ್ಶಕಗಳ ನಡುವಿನ ಕೋನ 80° ಆದರೆ ∠POA ಎಷ್ಟು? OP ರೇಖೆ ಆ ಕೋನವನ್ನು ಸಮವಾಗಿ ಭಾಗಿಸುವುದರಿಂದ ∠OPA 40°, ತ್ರಿಜ್ಯವು ಸ್ಪರ್ಶಕಕ್ಕೆ ಲಂಬವಾಗಿರುವುದರಿಂದ ∠OAP 90°, ಉಳಿದದ್ದು 50°. ಆಯ್ಕೆಗಳಲ್ಲಿ ಅದೇ ಮೊದಲನೆಯದು.

ಕೋನ ಕೇಳಿದ ಲೆಕ್ಕಕ್ಕೆ “13, 14” ಎಂಬ ಉತ್ತರ ಬಂದರೂ ಹುಡುಗನಿಗೆ ಸಂಶಯ ಬರಲಿಲ್ಲ; ನಾಲ್ಕು ಆಯ್ಕೆಗಳಲ್ಲಿ ಅದನ್ನು ಹುಡುಕಿದ, ಸಿಗದಿದ್ದಾಗ ಮಾತ್ರ ಕೇಳಿದ. ಆಯ್ಕೆಗಳಿಲ್ಲದ ಪ್ರಶ್ನೆಯಾಗಿದ್ದರೆ ನನ್ನ ತಪ್ಪು ಅವನ ನೋಟ್‌ಬುಕ್ಕಿನಲ್ಲಿ ಗುರುಗಳ ಉತ್ತರವೆಂಬ ಗೌರವದೊಂದಿಗೆ ಉಳಿದುಬಿಡುತ್ತಿತ್ತು. ಪ್ರಶ್ನೆಯ ಸಂಖ್ಯೆ ಎನ್ನುವುದು ಬೀದಿಯ ಹೆಸರಿಲ್ಲದ ಮನೆ ನಂಬರಿನಂಥದ್ದು. ಕೇಳುವವನಿಗೆ ತಾನು ನಿಂತ ಬೀದಿ ಕಣ್ಣೆದುರೇ ಇರುವುದರಿಂದ ಅದನ್ನು ಹೇಳಬೇಕೆಂದು ತೋಚುವುದಿಲ್ಲ, ಹೇಳುವವನಿಗೆ ತನ್ನ ಬೀದಿಯೇ ನೆನಪಾಗುತ್ತದೆ. ಸಿಇಟಿ ಮುಗಿದ ಸಂಜೆ “23ನೇದಕ್ಕೆ ಏನು ಬಂತು?” ಎಂದು ಮಕ್ಕಳು ಪರಸ್ಪರ ಕೇಳಿಕೊಂಡು, ಇಬ್ಬರ ಪತ್ರಿಕೆಯ ವರ್ಷನ್ ಕೋಡ್ ಬೇರೆ ಎಂಬುದನ್ನು ಮರೆತು ಗಾಬರಿಯಾಗುವುದೂ ಇದೇ ಕಾರಣಕ್ಕೆ.

ಬರೀ “ಆನ್ಸರ್” ಎಂಬ ಪದದ ತೊಡಕು ಇದಕ್ಕಿಂತ ಸೂಕ್ಷ್ಮವಾದದ್ದು. ನನ್ನ ತಂಗಿಯ ಮಗಳು ಕೇಂದ್ರೀಯ ಪಠ್ಯಕ್ರಮದ ಶಾಲೆಯಲ್ಲಿ ಓದುತ್ತಾಳೆ. ಒಮ್ಮೆ “ಮಾವ, ಆನ್ಸರ್” ಎಂದಷ್ಟೇ ಕಳಿಸಿದಳು. ಉತ್ತರ ಕೇಳುತ್ತಿದ್ದಾಳೆಂದು ಭಾವಿಸಿ, “ಮೊದಲು ನೀನು ಮಾಡಿ ತೋರಿಸು” ಎಂದು ಬಿಗಿಯಾಗಿ ಬರೆದೆ. ಅವಳು ಮಾಡಿಯೇ ಕಳಿಸಿದ್ದಳು. ಊರಿನ ನೆಟ್‌ವರ್ಕ್‌ನಲ್ಲಿ ಫೋಟೋ ಅರ್ಧಕ್ಕೆ ನಿಂತು, ಜೊತೆಗೆ ಬರೆದ ಪದ ಮಾತ್ರ ಮುಂದೆ ಬಂದಿತ್ತು. “ಆನ್ಸರ್” ಎಂದರೆ “ಇದು ನನ್ನ ಆನ್ಸರ್, ಗೈಡಿನ ಆನ್ಸರ್‌ಗೆ ಹೊಂದುತ್ತಿಲ್ಲ” ಎಂದು ಅರ್ಥ. ಉತ್ತರ ಕೊಡಿ, ಉತ್ತರ ಸರಿಯೇ ನೋಡಿ, ಉತ್ತರ ಬಂದಿದೆ ಆದರೆ ದಾರಿ ತಿಳಿಯದು ಎಂಬ ಮೂರು ಬೇರೆ ಬೇರೆ ಕೋರಿಕೆಗಳನ್ನು ಮಕ್ಕಳು ಈ ಒಂದೇ ಪದದಲ್ಲಿ ಹೇಳುತ್ತಾರೆ.

ಫೋಟೋ ಬಂದ ಮೇಲೆ ನೋಡಿದರೆ, 4.3ರ ಮೊದಲನೆಯ ಪ್ರಶ್ನೆಯ ಮೊದಲ ಭಾಗವಾದ 2x² − 3x + 5 = 0 ಎಂಬುದನ್ನು ಆಕೆ ಸರಿಯಾಗಿಯೇ ಮಾಡಿದ್ದಳು: ಶೋಧಕ 9 − 40, ಅಂದರೆ −31, ಆದ್ದರಿಂದ ವಾಸ್ತವ ಮೂಲಗಳಿಲ್ಲ. ಗೈಡಿನಲ್ಲಿ ಅದೇ ಸಂಖ್ಯೆಯ ಮುಂದೆ “3 ಮತ್ತು 1/2” ಎಂದಿತ್ತು. ಗೈಡ್ ಅಣ್ಣನ ಕಾಲದ್ದು. 2022ರಲ್ಲಿ ಎನ್‌ಸಿಇಆರ್‌ಟಿ ಪಠ್ಯವನ್ನು ಕಡಿತಗೊಳಿಸಿದಾಗ ವರ್ಗ ಪೂರ್ಣಗೊಳಿಸುವ ವಿಧಾನದ ಹಳೆಯ 4.3 ಬಿದ್ದುಹೋಗಿ, ಹಳೆಯ 4.4 ಈಗ 4.3 ಆಗಿದೆ. ಗೈಡಿನ ಉತ್ತರ 2x² − 7x + 3 = 0 ಎಂಬ ಬೇರೆಯೇ ಸಮೀಕರಣದ್ದು. 3ನ್ನು ಆದೇಶಿಸಿ ನೋಡಲು ಹೇಳಿದೆ. ಅವಳ ಸಮೀಕರಣದಲ್ಲಿ 18 − 9 + 5 = 14 ಬಂದು ಸೊನ್ನೆಯಾಗಲಿಲ್ಲ; ಗೈಡಿನದರಲ್ಲಿ 18 − 21 + 3 ಸರಿಯಾಗಿ ಸೊನ್ನೆಯಾಯಿತು. ಅಷ್ಟರಲ್ಲಿ ಅವಳು ತನ್ನ ಸರಿಯಾದ ಉತ್ತರವನ್ನು ರಬ್ಬರಿನಲ್ಲಿ ಅಳಿಸಿಯಾಗಿತ್ತು.

ಇವೆರಡರ ನಂತರ ನಾನು ಊಹಿಸಿ ಉತ್ತರಿಸುವುದನ್ನೂ, “ಪೂರ್ತಿ ಪ್ರಶ್ನೆ ಬರೆದು ಕಳಿಸು” ಎಂದು ಗದರುವುದನ್ನೂ ಬಿಟ್ಟಿದ್ದೇನೆ. ಎರಡನೆಯದು ನ್ಯಾಯವಾಗಿ ಕಂಡರೂ ಅಮ್ಮನ ಫೋನಿನಲ್ಲಿ ಘಾತವನ್ನೂ ಭಿನ್ನರಾಶಿಯನ್ನೂ ಒತ್ತುವ ಕಷ್ಟ ಒತ್ತಿದವರಿಗೇ ಗೊತ್ತು. x² ಎಂಬುದು x2 ಆಗಿ, ಅದು 2x ಎಂದು ಓದಿಸಿಕೊಂಡು, ಇಲ್ಲದ ಲೆಕ್ಕವೊಂದು ಹುಟ್ಟುತ್ತದೆ. ಈಗ ನಾನು ಕೇಳುವುದು ಪ್ರಶ್ನೆಯ ಮೊದಲ ಮೂರು-ನಾಲ್ಕು ಪದಗಳನ್ನು ಮಾತ್ರ. ಅಂದಿನ ಹುಡುಗ “O ಕೇಂದ್ರವುಳ್ಳ ವೃತ್ತಕ್ಕೆ” ಎಂದಿದ್ದರೆ ಸಾಕಿತ್ತು. ನನಗೇ ಎರಡು ಸಾಧ್ಯತೆಗಳು ಹೊಳೆದರೆ “27, 182ರ ಲೆಕ್ಕವೋ, 80° ಸ್ಪರ್ಶಕದ್ದೋ?” ಎಂದು ಬರೆಯುತ್ತೇನೆ, ಹುಡುಗ ಒಂದು ಪದದಲ್ಲಿ ಉತ್ತರಿಸಿದರೂ ಆಗ ಅದಕ್ಕೆ ಖಚಿತವಾದ ಅರ್ಥವಿರುತ್ತದೆ. “ಆನ್ಸರ್” ಎಂದಷ್ಟೇ ಬಂದರೆ ಎರಡು ನಿಮಿಷ ಸುಮ್ಮನಿರುತ್ತೇನೆ, ಏಕೆಂದರೆ ಫೋಟೋ ಹಿಂದೆ ಬರುತ್ತಿರಬಹುದು.

ಕಳೆದ ವಾರ ಹಾಗೆ ಕಾದಾಗ ಫೋಟೋ ಬಂತು. ಲೆಕ್ಕ ಪೂರ್ತಿ ಕಾಣುತ್ತಿತ್ತು, ಪ್ರಶ್ನೆಯ ಸಂಖ್ಯೆಯ ಮೇಲೆ ಹುಡುಗನ ಹೆಬ್ಬೆರಳಿತ್ತು.